ರೇಷ್ಮೆಗೊಂದು ವಾಚು: ಬಣ್ಣಕ್ಕೆ ಮೊದಲು ಕೊಕ್ಕೆ ನೋಡಿ

ಮದುವೆಗೆಂದು ವಾಚು ಕೊಳ್ಳಲು ಹೊರಟವರು ಅಂಗಡಿಯಲ್ಲಿ ಮೊದಲು ಹೇಳುವುದು ಬಟ್ಟೆಯ ಬಣ್ಣವನ್ನು. ಹಸಿರು ಮೈಸೂರು ಸಿಲ್ಕಿಗೆ ಹಸಿರು ಡಯಲ್, ಮರೂನ್ ಕಂಚಿ ಸೀರೆಗೆ ಸುತ್ತ ಕೆಂಪು ಹರಳು, ಕೆನೆಬಣ್ಣದ ಕುರ್ತಾಕ್ಕೆ ಕಂದು ಬೆಲ್ಟು. ಮಾರುವವರೂ ಅದನ್ನೇ ಕೇಳಿ, ಅದಕ್ಕೆ ತಕ್ಕ ಟ್ರೇ ತೆಗೆದು ಮುಂದಿಡುತ್ತಾರೆ. ಬಣ್ಣ ಹೊಂದಿತೆಂದರೆ ಆಯ್ಕೆ ಮುಗಿಯಿತು. ಈ ಕ್ರಮ ತಲೆಕೆಳಗಾಗಿದೆ ಎಂಬುದು ನನ್ನ ವಾದ. ರೇಷ್ಮೆಯ ಜೊತೆ ಕಟ್ಟುವ ವಾಚಿನಲ್ಲಿ ಡಯಲಿನ ಬಣ್ಣ ಎಲ್ಲಕ್ಕಿಂತ ಕೊನೆಗೆ ನೋಡಬೇಕಾದ ಸಂಗತಿ. ಆ ವಾಚು ಬಟ್ಟೆಯನ್ನು ಎಲ್ಲೆಲ್ಲಿ ಮುಟ್ಟುತ್ತದೆ, ಮುಟ್ಟಿದಲ್ಲಿ ಜಾರಿಕೊಂಡು ಹೋಗುತ್ತದೆಯೋ ಹಿಡಿದುಕೊಳ್ಳುತ್ತದೆಯೋ ಎಂಬುದೇ ಮೊದಲ ಪ್ರಶ್ನೆ. ಎರಡು ಸಾವಿರದ ವಾಚೊಂದು ಇಪ್ಪತ್ತು ಸಾವಿರದ ಸೀರೆಯ ಸೆರಗನ್ನು ಒಂದೇ ಸಂಜೆಯಲ್ಲಿ ಹಾಳು ಮಾಡಬಲ್ಲದು. ಡಯಲಿನ ಬಣ್ಣ ಹೊಂದದೆ ಹೋದರೆ ಯಾರಿಗೂ ಏನೂ ನಷ್ಟವಿಲ್ಲ.

ಇದು ಯಾಕೆ ಹೀಗೆ ಎಂದು ತಿಳಿಯಲು ಬಟ್ಟೆಯಿಂದಲೇ ಶುರುಮಾಡಬೇಕು. ರೇಷ್ಮೆಯ ಎಳೆ ತಲೆಗೂದಲಿಗಿಂತ ಎಷ್ಟೋ ಪಾಲು ತೆಳು, ಆದರೆ ದುರ್ಬಲವಲ್ಲ. ಅದರ ತೊಂದರೆ ಇರುವುದು ನುಣುಪಿನಲ್ಲಿ. ಹತ್ತಿ ಬಟ್ಟೆಯ ನೂಲಿಗೆ ಏನಾದರೂ ಸಿಕ್ಕಿಕೊಂಡರೆ ಅಕ್ಕಪಕ್ಕದ ಒರಟು ನೂಲುಗಳು ಅದನ್ನು ಹಿಡಿದಿಟ್ಟುಕೊಳ್ಳುತ್ತವೆ, ಏಟು ಅಲ್ಲಿಗೇ ನಿಲ್ಲುತ್ತದೆ. ರೇಷ್ಮೆಯಲ್ಲಿ ಸಿಕ್ಕಿದ ಎಳೆ ನೇಯ್ಗೆಯೊಳಗೆ ಸಲೀಸಾಗಿ ಜಾರಿ ಬಂದುಬಿಡುತ್ತದೆ. ಹೊರಗೆ ಒಂದು ಚಿಕ್ಕ ಕುಣಿಕೆ ಏಳುತ್ತದೆ, ಬಟ್ಟೆಯ ಉದ್ದಕ್ಕೂ ಒಂದು ಗೆರೆ ಸುಕ್ಕುಗಟ್ಟುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಆರಂಭವಾದ ಮೈಸೂರಿನ ಕಾರ್ಖಾನೆಯಿಂದ ಇಂದಿಗೂ ಬರುವ ಕ್ರೇಪ್ ಸೀರೆಗಳಲ್ಲಿ ಈ ಗೆರೆ ಇನ್ನಷ್ಟು ಎದ್ದು ಕಾಣುತ್ತದೆ. ಆ ಬಟ್ಟೆಯ ನೂಲಿಗೆ ಬಲವಾದ ಹುರಿ ಕೊಟ್ಟಿರುತ್ತಾರೆ. ಮೈಸೂರು ಸಿಲ್ಕಿನ ಮೆತ್ತನೆಯ ಇಳಿಬೀಳು ಬರುವುದೇ ಆ ಹುರಿಯಿಂದ. ಬಿಗಿಯಾಗಿ ಎಳೆದ ಹುರಿನೂಲು ಮತ್ತೆ ಮೊದಲಿನ ಜಾಗಕ್ಕೆ ಹೋಗಿ ಕೂರುವುದಿಲ್ಲ. ಅಲ್ಲದೆ ಸೀರೆಯ ಒಡಲು ಹೂಬಳ್ಳಿಗಳಿಲ್ಲದೆ ಬಯಲಾಗಿರುವುದರಿಂದ ಸಣ್ಣ ಗೆರೆಯನ್ನೂ ಮರೆಸಲು ಅಲ್ಲಿ ಏನೂ ಇರುವುದಿಲ್ಲ.

ಜರಿಯ ಕಥೆ ಇದಕ್ಕಿಂತ ಕಷ್ಟದ್ದು. ಅಸಲಿ ಜರಿಯೆಂದರೆ ಒಂದು ರೇಷ್ಮೆ ದಾರ, ಅದರ ಸುತ್ತ ಸುರುಳಿಯಾಗಿ ಸುತ್ತಿದ ಚಪ್ಪಟೆ ಬೆಳ್ಳಿ ತಂತಿ, ಅದರ ಮೇಲೆ ಚಿನ್ನದ ಲೇಪ. ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ ತನ್ನ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇದೆಯೆಂದು ಹೇಳುತ್ತದೆ. ಕಡಿಮೆ ಬೆಲೆಯ ಸೀರೆಗಳಲ್ಲಿ ಬೆಳ್ಳಿಯ ಬದಲು ತಾಮ್ರ ಇರುತ್ತದೆ, ಇನ್ನೂ ಕಡಿಮೆಯದರಲ್ಲಿ ಹೊಳೆಯುವ ಪ್ಲಾಸ್ಟಿಕ್ ಪಟ್ಟಿ. ಯಾವುದೇ ಆಗಲಿ, ರಚನೆ ಸುರುಳಿಯದೇ. ವಾಚಿನ ಯಾವುದೋ ಮೂಲೆ ಆ ತಂತಿಯನ್ನು ಹಿಡಿದು ಎಳೆದರೆ ಸುರುಳಿ ಬಿಚ್ಚಿಕೊಂಡು ಒಳಗಿನ ದಾರ ಕಾಣಿಸುತ್ತದೆ, ತಂತಿಯ ತುದಿ ಮೇಲೆದ್ದು ನಿಲ್ಲುತ್ತದೆ. ಎದ್ದ ರೇಷ್ಮೆ ಎಳೆಯನ್ನು ಸೂಜಿಯಿಂದ ಹಿಂದಕ್ಕೆ ಎಳೆದು ತಕ್ಕಮಟ್ಟಿಗೆ ಸರಿಪಡಿಸಬಹುದು. ಬಿಚ್ಚಿದ ತಂತಿಯನ್ನು ದಾರಕ್ಕೆ ಮತ್ತೆ ಸುತ್ತಲು ಬರುವುದಿಲ್ಲ. ನಿಂತ ತುದಿ ಮುಂದಿನ ಸಲ ಇನ್ನೊಂದಕ್ಕೆ ಸಿಕ್ಕಿಕೊಳ್ಳುತ್ತದೆ, ಹೀಗೆ ಹಾನಿ ಬೆಳೆಯುತ್ತ ಹೋಗುತ್ತದೆ.

ಸೀರೆಯ ಚಂದವನ್ನು ನಾವೆಲ್ಲ ಮುಂಭಾಗದಲ್ಲಿ ನೋಡುತ್ತೇವೆ. ವಾಚಿಗೆ ತಾಗುವುದು ಹಿಂಭಾಗ. ಎಡ ಹೆಗಲ ಮೇಲಿಂದ ಇಳಿದ ಸೆರಗನ್ನು ನೆರಿಗೆ ಹಿಡಿಯದೆ ಹರವಿ, ಎಡ ಮುಂದೋಳಿನ ಮೇಲೆ ಬಿಟ್ಟುಕೊಂಡಾಗ ಮಣಿಕಟ್ಟಿನ ಮೇಲೆ ಕೂರುವುದು ಸೆರಗಿನ ಒಳಮೈ. ಬುಟ್ಟಾ, ಬಳ್ಳಿ, ನವಿಲುಗಳನ್ನು ನೇಯಲು ಬಳಸಿದ ಹೆಚ್ಚುವರಿ ಎಳೆಗಳು ಸಡಿಲವಾಗಿ ಒಂದು ಹೂವಿನಿಂದ ಇನ್ನೊಂದಕ್ಕೆ ಹಾಯ್ದುಹೋಗುವುದು ಅಲ್ಲೇ. ಬನಾರಸಿ ಸೀರೆಗಳಲ್ಲಿ ಒಂದೊಂದು ಬುಟ್ಟಾವನ್ನೂ ಬಿಡಿಬಿಡಿಯಾಗಿ ನೇಯ್ದ ಕಡ್ವಾ ಕೆಲಸದಲ್ಲಿ ಹಿಂದೆ ಇಂಥ ಸಡಿಲ ಎಳೆಗಳು ಇರುವುದಿಲ್ಲ. ಎಳೆಯನ್ನು ಅಂಚಿನಿಂದ ಅಂಚಿಗೆ ಒಯ್ಯುವ ಫೇಕ್ವಾ ಕೆಲಸದಲ್ಲಿ ಇರುತ್ತವೆ. ಇಂಥ ಸೆರಗಿನ ಹಿಂದೆ ತೆಳುವಾದ ನೆಟ್ ಬಟ್ಟೆ ಹೊಲಿಸಿಕೊಳ್ಳುವ ರೂಢಿ ಬಂದದ್ದು ಬಳೆ, ಉಂಗುರ, ವಾಚುಗಳಿಂದ ಆ ಎಳೆಗಳನ್ನು ಕಾಪಾಡಲಿಕ್ಕೆ. ವಾಚು ಆರಿಸುವ ಮೊದಲು ಸೀರೆಯನ್ನು ಮಗುಚಿ ಹಿಂದೆ ಎಳೆಗಳು ಓಡಿವೆಯೇ ಎಂದು ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಓಡಿದ್ದರೆ ಒಂದೋ ಸೆರಗಿಗೆ ನೆರಿಗೆ ಹಿಡಿದು ಹೆಗಲಲ್ಲಿ ಪಿನ್ ಹಾಕಬೇಕು, ಇಲ್ಲವೇ ವಾಚನ್ನು ಬಲಗೈಗೆ ಕಟ್ಟಬೇಕು. ವಾಚು ಎಡಗೈಯಲ್ಲೇ ಇರಬೇಕೆಂಬ ಕಟ್ಟುಪಾಡೇನೂ ಇಲ್ಲ. ಕೊಡವರ ಉಡುಗೆಯಲ್ಲಿ ನೆರಿಗೆ ಬೆನ್ನ ಹಿಂದಿರುತ್ತದೆ, ಸೆರಗು ಎಡ ತೋಳಿನ ಕೆಳಗಿನಿಂದ ಬಂದು ಬಲ ಹೆಗಲಲ್ಲಿ ನಿಲ್ಲುತ್ತದೆ. ಮುಂದೋಳಿನ ಮೇಲೆ ಬೀಳುವ ಸೆರಗೇ ಇಲ್ಲದ್ದರಿಂದ ಅವರಿಗೆ ಎಡಗೈ ವಾಚು ಅಷ್ಟು ಕಾಟ ಕೊಡುವುದಿಲ್ಲ.

ಇನ್ನು ವಾಚಿನ ಕಡೆ ಬರೋಣ. ಎಳೆಯನ್ನು ಹಿಡಿಯುವ ಜಾಗಗಳು ಅದರಲ್ಲಿ ನಾಲ್ಕೈದೇ. ಬದಿಯಲ್ಲಿ ಮುಳ್ಳು ತಿರುಗಿಸುವ ಕೀ ಇದೆಯಲ್ಲ, ಅದರ ಹಲ್ಲುಹಲ್ಲಾದ ಸುತ್ತು ಮೊದಲನೆಯದು. ಅದಕ್ಕಿಂತ ಕೆಟ್ಟದ್ದು ಕೀ ಮತ್ತು ಡಬ್ಬಿಯ ನಡುವಿನ ಸಂದು. ಎಳೆ ಅದರೊಳಗೆ ಇಳಿದರೆ ಹೊರಬರಲು ದಾರಿಯಿಲ್ಲ. ಕೀ ಒಳಸರಿದು ಡಬ್ಬಿಯ ಗುಳಿಯಲ್ಲಿ ಕೂತ ವಾಚುಗಳಲ್ಲಿ ಈ ಭಯ ಕಡಿಮೆ. ಬೆಲ್ಟು ಅಥವಾ ಚೈನು ಸೇರುವ ನಾಲ್ಕು ಕಾಲುಗಳು ಎರಡನೆಯ ಜಾಗ. ಅಂಗಡಿಯವರು ಅವನ್ನು ಲಗ್ ಎನ್ನುತ್ತಾರೆ. ಕಾಲುಗಳು ಮಣಿಕಟ್ಟಿನ ಮೇಲೆ ಬಾಗಿ ಕೂತರೆ ತೊಂದರೆಯಿಲ್ಲ. ವಾಚು ಕೈಗಿಂತ ದೊಡ್ಡದಾಗಿ ಅವು ಆಚೆ ಈಚೆ ಚಾಚಿಕೊಂಡರೆ ನಾಲ್ಕು ಕೊಕ್ಕೆ ಕಟ್ಟಿಕೊಂಡಂತೆಯೇ. ಮಣಿಕಟ್ಟಿನ ಸುತ್ತಳತೆ ಹದಿನೈದು ಸೆಂಟಿಮೀಟರ್ ಇರುವ ಕೈಯ ಮೇಲ್ಭಾಗ ಐದು ಸೆಂಟಿಮೀಟರಿನಷ್ಟು ಅಗಲ ಇರುತ್ತದೆ, ಅದರಲ್ಲಿ ಚಪ್ಪಟೆಯಾದದ್ದು ಇನ್ನೂ ಕಡಿಮೆ. ಅಂಥ ಕೈಗೆ ಮೇಲಿನ ಕಾಲಿನ ತುದಿಯಿಂದ ಕೆಳಗಿನ ಕಾಲಿನ ತುದಿಗೆ ನಲವತ್ತೆರಡು ಮಿಲಿಮೀಟರು ದಾಟಿದ ವಾಚು ರೇಷ್ಮೆಯ ಜೊತೆಗೆ ಬೇಡ. ಡಯಲಿನ ಅಗಲ ನೋಡಿ ಮೋಸ ಹೋಗಬಾರದು, ಅಳೆಯಬೇಕಾದದ್ದು ಕಾಲಿನಿಂದ ಕಾಲಿಗೆ.

ಹರಳು ಕೂರಿಸಿದ ವಾಚುಗಳಲ್ಲಿ ಹರಳನ್ನು ಹೇಗೆ ಹಿಡಿದಿಟ್ಟಿದ್ದಾರೆ ಎಂಬುದೇ ಮುಖ್ಯ. ನಾಲ್ಕು ಉಗುರಿನಂಥ ಕಡ್ಡಿಗಳಿಂದ ಹಿಡಿದಿದ್ದರೆ ಒಂದೊಂದು ಉಗುರೂ ಒಂದೊಂದು ಎಳೆ ಕೀಳುವ ಸಾಧನ. ಲೋಹದ ಕಾಲುವೆಯೊಳಗೆ ಹರಳು ಸಮತಟ್ಟಾಗಿ ಮುಳುಗಿದ್ದರೆ ಬಟ್ಟೆ ಅದರ ಮೇಲೆ ಜಾರಿಕೊಂಡು ಹೋಗುತ್ತದೆ. ಒಡವೆ ಕೊಳ್ಳುವಾಗ ಈ ವ್ಯತ್ಯಾಸ ನೋಡುವ ಹೆಂಗಸರು ವಾಚಿನಲ್ಲಿ ಅದನ್ನು ನೋಡದಿರುವುದೇ ಆಶ್ಚರ್ಯ. ಆಮೇಲೆ ಕೊಂಡಿ. ಸರದ ಕೊಂಡಿಯಂತೆ ಸಣ್ಣ ಕೊಕ್ಕೆ ಮತ್ತು ಒಂದಷ್ಟು ಉಂಗುರಗಳನ್ನು ತೂಗುಬಿಟ್ಟ ಬ್ರೇಸ್‌ಲೆಟ್ ವಾಚುಗಳು ನೋಡಲು ಒಡವೆಯಂತೆಯೇ ಇರುತ್ತವೆ, ಸೆರಗಿಗೆ ಅವುಗಳಷ್ಟು ಕೆಟ್ಟವು ಇನ್ನಿಲ್ಲ. ಎಳೆದರೆ ಹಿಗ್ಗುವ ಸ್ಪ್ರಿಂಗ್ ಚೈನುಗಳು ಹಿಗ್ಗಿದಾಗ ಬಾಯಿಬಿಟ್ಟು ಕುಗ್ಗಿದಾಗ ಕಚ್ಚುತ್ತವೆ. ಕೈಯ ಕೂದಲನ್ನು ಕೀಳುವ ಚೈನು ರೇಷ್ಮೆಯನ್ನು ಬಿಡುವುದುಂಟೆ? ಈಚೆಗೆ ಬಳಕೆಗೆ ಬಂದಿರುವ ಜಾಲರಿ ಚೈನಿನ ಮೈ ನುಣುಪೇ. ಆದರೆ ಅದರ ಕತ್ತರಿಸಿದ ಅಂಚನ್ನೂ ಸರಿಸುವ ಕೊಂಡಿಯ ತುಟಿಯನ್ನೂ ಬೆರಳಾಡಿಸಿ ನೋಡಬೇಕು. ಇವೆಲ್ಲವನ್ನೂ ತೂಗಿ ನೋಡಿದರೆ ರೇಷ್ಮೆ ಸೀರೆಗೆ ಹೆಚ್ಚು ಒಗ್ಗುವುದು ಕಡಗದ ಮಾದರಿಯ ವಾಚು: ಒಂದೇ ಗಟ್ಟಿ ಪಟ್ಟಿ, ಉರುಟಾದ ಅಂಚು, ಪಟ್ಟಿಯೊಳಗೆ ಹುದುಗಿದ ಕೊಂಡಿ.

ಇದನ್ನು ಪರೀಕ್ಷಿಸಲು ಪರಿಣತಿ ಬೇಕಿಲ್ಲ. ಸೀರೆಯ ಜೊತೆ ಬಂದ ರವಿಕೆ ಕಣದಲ್ಲಿ ಟೈಲರ್ ಕತ್ತರಿಸಿ ಮಿಗಿಸಿದ ಒಂದು ಅಂಗೈ ಅಗಲದ ತುಂಡು ಸಾಕು, ಅದರಲ್ಲಿ ಜರಿಯ ಒಂದು ಪಟ್ಟಿಯೂ ಇದ್ದರೆ ಇನ್ನೂ ಒಳ್ಳೆಯದು. ಅಂಗಡಿಯಲ್ಲಿ ವಾಚು ಕಟ್ಟಿಕೊಂಡು, ಆ ತುಂಡಿನ ಹಿಂಭಾಗ ಕೆಳಗೆ ಬರುವಂತೆ ಡಯಲಿನ ಮೇಲೆ ಹಾಸಿ, ಭಾರ ಹಾಕದೆ ಮೆಲ್ಲಗೆ ಎಳೆಯಿರಿ. ಮೊದಲು ಮೊಣಕೈ ಕಡೆಯಿಂದ ಬೆರಳಿನ ಕಡೆಗೆ, ಆಮೇಲೆ ಬೆರಳಿನಿಂದ ಮೊಣಕೈಗೆ, ಕೊನೆಗೆ ಮಣಿಕಟ್ಟಿನ ಸುತ್ತ ಅಡ್ಡಡ್ಡ, ಕೊಂಡಿಯನ್ನೂ ಸೇರಿಸಿ. ಎಲ್ಲಿ ತುಂಡು ಒಂದು ಕ್ಷಣ ನಿಂತು ಹೊರಟಿತೋ ಅಲ್ಲಿ ಮದುವೆಯ ದಿನ ಸೆರಗೂ ನಿಲ್ಲುತ್ತದೆ. ದಿಕ್ಕು ಬದಲಿಸುವುದಕ್ಕೆ ಕಾರಣವಿದೆ. ಎಡಗೈಗೆ ಕಟ್ಟಿದ ವಾಚಿನ ಕೀ ಬೆರಳಿನ ಕಡೆ ಮುಖ ಮಾಡಿರುತ್ತದೆ, ಹಾಗಾಗಿ ಮೇಲಿನಿಂದ ಇಳಿಯುವ ಬಟ್ಟೆ ಅದನ್ನು ದಾಟಿ ಹೋಗುತ್ತದೆ, ಹಿಂದಕ್ಕೆ ಸರಿಸಿದಾಗ ಮಾತ್ರ ಸಿಕ್ಕಿಕೊಳ್ಳುತ್ತದೆ. ಅದೇ ವಾಚನ್ನು ಬಲಗೈಗೆ ಹಾಕಿದರೆ ಕೀ ಮೊಣಕೈ ಕಡೆ ತಿರುಗುತ್ತದೆ, ಬಟ್ಟೆ ಇಳಿಯುವಾಗಲೇ ಅದಕ್ಕೆ ಎದುರಾಗುತ್ತದೆ. ಬಲಗೈಗೆ ಕಟ್ಟುವವರು ಕೀ ಒಳಗೆ ಹುದುಗಿದ ವಾಚನ್ನೇ ಆರಿಸಬೇಕು. ಚೈನು ಸಡಿಲವಾಗಿ ವಾಚು ಕೈಯ ಸುತ್ತ ತಿರುಗುತ್ತಿದ್ದರೆ ಈ ಲೆಕ್ಕವೆಲ್ಲ ಕೆಡುತ್ತದೆ. ಕಿರುಬೆರಳಿನ ತುದಿ ನುಸುಳುವಷ್ಟೇ ಜಾಗ ಬಿಟ್ಟು, ಮಿಕ್ಕ ಕೊಂಡಿಗಳನ್ನು ಅಂಗಡಿಯಲ್ಲೇ ತೆಗೆಸಬೇಕು.

ಗಂಡಸರ ರೇಷ್ಮೆ ಕುರ್ತಾದಲ್ಲಿ ಅಪಾಯದ ಸ್ವರೂಪ ಬೇರೆ. ಅಲ್ಲಿ ಸೆರಗಿಲ್ಲ, ತೋಳಿದೆ. ಕೈ ಎತ್ತಿ ಇಳಿಸಿದಾಗಲೆಲ್ಲ ತೋಳಿನ ಅಂಚು ವಾಚಿನ ಮೇಲೆ ಹತ್ತಿಳಿಯುತ್ತದೆ. ಸಾಮಾನ್ಯ ಕುರ್ತಾದ ತೋಳು ಅಗಲವಾಗಿರುವುದರಿಂದ ಹತ್ತು ಮಿಲಿಮೀಟರ್ ದಪ್ಪದ ವಾಚೂ ಒಳಗೆ ಹೋಗುತ್ತದೆ. ಆದರೆ ವರನಿಗೂ ವರನ ತಮ್ಮಂದಿರಿಗೂ ಈಗ ಹೊಲಿಸುವ ಶೆರ್ವಾನಿಯ ತೋಳು ಮಣಿಕಟ್ಟಿನಲ್ಲಿ ಬಿಗಿ. ದಪ್ಪ ವಾಚಿನ ಮೇಲೆ ಅದು ಏರಿ ಕೂತು ಮತ್ತೆ ಇಳಿಯುವುದಿಲ್ಲ, ಆ ಜಾಗದಲ್ಲಿ ಬಟ್ಟೆ ಉಜ್ಜಿ ಹೊಳಪು ಕಳೆದುಕೊಳ್ಳುತ್ತದೆ. ಅಳತೆ ಕೊಡುವಾಗ ಆ ದಿನ ಹಾಕುವ ವಾಚನ್ನು ಕಟ್ಟಿಕೊಂಡೇ ಟೈಲರ್ ಬಳಿ ಹೋಗುವುದು ಸುಲಭದ ಪರಿಹಾರ. ತೆಳು ವಾಚು ಆರಿಸುವುದು ಇನ್ನೊಂದು. ಬೆಂಗಳೂರಿನ ಪಕ್ಕದ ಹೊಸೂರಿನಲ್ಲಿ ವಾಚು ತಯಾರಿಸುವ ಟೈಟಾನ್ 2002ರಲ್ಲಿ ಎಡ್ಜ್ ಎಂಬ ವಾಚನ್ನು ತಂದಾಗ ಅದರ ಒಟ್ಟು ದಪ್ಪ 3.5 ಮಿಲಿಮೀಟರ್, ಒಳಗಿನ ಯಂತ್ರದ ದಪ್ಪ 1.15 ಮಿಲಿಮೀಟರ್ ಇತ್ತು. ಅಷ್ಟು ತೆಳುವೇ ಬೇಕೆಂದಿಲ್ಲ. ಬ್ಯಾಟರಿಯಿಂದ ನಡೆಯುವ ಸಾದಾ ವಾಚುಗಳಲ್ಲಿ ಏಳೆಂಟು ಮಿಲಿಮೀಟರಿನವು ಬೇಕಾದಷ್ಟು ಸಿಗುತ್ತವೆ. ಮೂರು ಪುಟ್ಟ ಡಯಲುಗಳೂ ಬದಿಗೆ ಎರಡು ಗುಂಡಿಗಳೂ ಇರುವ ಕ್ರೋನೋಗ್ರಾಫನ್ನು ಮಾತ್ರ ರೇಷ್ಮೆ ತೋಳಿನೊಳಗೆ ತುರುಕಬೇಡಿ. ದಪ್ಪವೂ ಹೆಚ್ಚು, ಸಿಕ್ಕಿಕೊಳ್ಳುವ ಜಾಗವೂ ಒಂದರ ಬದಲು ಮೂರು.

ಕುರ್ತಾಕ್ಕೆ ಚರ್ಮದ ಬೆಲ್ಟು ಚೆನ್ನಾಗಿ ಒಪ್ಪುತ್ತದೆ ಎಂಬ ಮಾತು ನಿಜ. ಚರ್ಮ ಮೆತ್ತಗಿರುತ್ತದೆ, ಎಳೆ ಕೀಳುವುದಿಲ್ಲ. ಆದರೆ ಹೊಸ ಚರ್ಮದ ಬೆಲ್ಟು ಬಣ್ಣ ಬಿಡಬಹುದು. ಮದುವೆ ಛತ್ರದ ಸೆಕೆ, ಹೋಮದ ಕಾವು, ಮಣಿಕಟ್ಟಿನ ಬೆವರು ಸೇರಿ ಕಪ್ಪು ಅಥವಾ ಕಡುಗಂದು ಬಣ್ಣ ಕೆನೆರೇಷ್ಮೆಯ ತೋಳಿನ ಒಳಗಂಚಿಗೆ ಹತ್ತಿದರೆ ಒಗೆದು ತೆಗೆಯುವುದು ಕಷ್ಟ. ರೇಷ್ಮೆಯ ಮೇಲೆ ಗಟ್ಟಿಯಾದ ಸೋಪು, ಬ್ಲೀಚು ಹಾಕುವಂತಿಲ್ಲ. ಕೊಳ್ಳುವ ಮೊದಲು ಒದ್ದೆ ಮಾಡಿದ ಬಿಳಿ ಕರವಸ್ತ್ರದಿಂದ ಬೆಲ್ಟಿನ ಎರಡೂ ಬದಿಯನ್ನು ಹತ್ತು ಸಲ ಉಜ್ಜಿ ನೋಡಿ. ಬಣ್ಣ ಹತ್ತಿದರೆ ಬೇರೆ ಬೆಲ್ಟು ಕೇಳಿ. ಪೂಜೆಗೆ ಕೂರುವವರಿಗೆ ಇನ್ನೊಂದು ತೊಡಕಿದೆ: ಅನೇಕ ಮನೆಗಳಲ್ಲಿ ಚರ್ಮವನ್ನು ದೇವರ ಮುಂದೆ ತರುವುದಿಲ್ಲ. ವರಮಹಾಲಕ್ಷ್ಮಿಯಂದು, ಗೌರಿಯ ಹಬ್ಬದಂದು ಕಲಶದ ಮುಂದೆ ಕೂರುವವರಿಗೂ ಧಾರೆಗೆ ನಿಲ್ಲುವ ಹೆಣ್ಣು-ಗಂಡಿನ ಅಪ್ಪ ಅಮ್ಮಂದಿರಿಗೂ ಲೋಹದ ಚೈನೇ ವಾಸಿ.

ಬಳೆಗಳ ವಿಷಯಕ್ಕೆ ಬಂದರೆ ನಷ್ಟ ವಾಚಿಗೆ ಎಂದೇ ಎಲ್ಲರೂ ಭಾವಿಸುತ್ತಾರೆ. ಗಾಜು ಗೀಚೀತು ಎಂಬ ಭಯ. ವಾಸ್ತವದಲ್ಲಿ ಸವೆಯುವುದು ಬಳೆ. ಗಡಸುತನವನ್ನು ಒಂದರಿಂದ ಹತ್ತರವರೆಗೆ ಎಣಿಸುವ ಮೋಸ್ ಮಾಪಕದಲ್ಲಿ ಒಡವೆಯ ಚಿನ್ನ ಎರಡೂವರೆ, ಮೂರರ ಹತ್ತಿರ ಇದ್ದರೆ ವಾಚಿನ ಸ್ಟೀಲು ಐದನ್ನು ದಾಟುತ್ತದೆ. ಇಪ್ಪತ್ತೆರಡು ಕ್ಯಾರೆಟ್ಟಿನ ಬಳೆ ಸ್ಟೀಲ್ ಡಬ್ಬಿಗೆ ದಿನವಿಡೀ ತಾಗುತ್ತಿದ್ದರೆ ಬಳೆಯ ಕೆತ್ತನೆಯೇ ಮೊದಲು ಮಾಸುತ್ತದೆ. ವಾಚಿನ ಗಾಜನ್ನು ಗೀಚಬಲ್ಲದ್ದು ಬಳೆಯ ಚಿನ್ನವಲ್ಲ, ಅದರಲ್ಲಿ ಕೂರಿಸಿದ ಕೆಂಪು ಅಥವಾ ವಜ್ರ. ವಾಚಿನದು ಸಫೈರ್ ಗಾಜಾದರೆ ಕೆಂಪಿಗೆ ಸರಿಸಮ, ವಜ್ರದೆದುರು ಮಾತ್ರ ಸೋಲುತ್ತದೆ. ಹಸಿರು ಗಾಜಿನ ಬಳೆಗಳ ಸಂಗತಿ ಬೇರೆ: ಅವು ಸ್ಟೀಲಿಗೆ ಬಡಿದು ಚಕ್ಕೆ ಎದ್ದರೆ ಆ ಚಕ್ಕೆಯಂಚೇ ಸೆರಗಿಗೆ ಬ್ಲೇಡಾಗುತ್ತದೆ. ಆದ್ದರಿಂದ ಬಳೆ ಒಂದು ಕೈಗೆ, ವಾಚು ಒಂದು ಕೈಗೆ ಎಂಬ ಹಳೆಯ ಪದ್ಧತಿಗೆ ಅರ್ಥವಿದೆ. ಎರಡೂ ಕೈ ತುಂಬ ಬಳೆ ಇಡಲೇಬೇಕಾದ ಮುತ್ತೈದೆಯರು, ಮದುಮಗಳು ಆ ದಿನದ ಮಟ್ಟಿಗೆ ವಾಚನ್ನು ಬಿಟ್ಟರೆ ಏನೂ ಕಳೆದುಕೊಳ್ಳುವುದಿಲ್ಲ.

ಬಣ್ಣವೇ ಜನರ ಕಣ್ಣಿಗೆ ಬೀಳುವುದಲ್ಲವೇ, ಅದನ್ನು ಕೊನೆಗೆ ತಳ್ಳುವುದು ಹೇಗೆ ಎಂದು ಕೇಳಬಹುದು. ಬೀಳುತ್ತದೆ; ಆದರೆ ಬೀಳುವುದು ಯಾವ ಬಣ್ಣ? ಇಪ್ಪತ್ತೆಂಟು ಮಿಲಿಮೀಟರ್ ಅಗಲದ ಡಯಲ್ ಹಸಿರೋ ನೀಲಿಯೋ ಎಂದು ಎದುರು ನಿಂತವರಿಗೆ ತಿಳಿಯುವ ಹೊತ್ತಿಗೆ ಅವರು ನಿಮ್ಮ ಕೈ ಹಿಡಿದು ನೋಡುವಷ್ಟು ಹತ್ತಿರ ಬಂದಿರಬೇಕು. ಎರಡು ಮಾರು ದೂರದಿಂದ, ಫೋಟೋದಿಂದ ಕಾಣುವುದು ಲೋಹದ ಒಂದು ಪಟ್ಟಿ. ಆ ಪಟ್ಟಿಯ ಪಕ್ಕದಲ್ಲೇ ಇರುವುದು ಉಂಗುರ, ಇನ್ನೊಂದು ಕೈಯಲ್ಲಿರುವುದು ಬಳೆ. ಹೀಗಾಗಿ ಹೊಂದಿಸಬೇಕಾದದ್ದು ವಾಚಿನ ಲೋಹವನ್ನು ಒಡವೆಯ ಲೋಹಕ್ಕೆ, ಸೀರೆಯ ಒಡಲಿಗಲ್ಲ. ಇಲ್ಲಿ ಒಂದು ಸೂಕ್ಷ್ಮವಿದೆ. ನಮ್ಮ ಒಡವೆ ಇಪ್ಪತ್ತೆರಡು ಕ್ಯಾರೆಟ್ಟಿನದು, 916ರ ಹಾಲ್‌ಮಾರ್ಕಿನದು, ಅದರ ಹಳದಿ ಗಾಢ. ವಾಚಿನ ಚಿನ್ನದ ಲೇಪಗಳನ್ನು ಹೆಚ್ಚಾಗಿ ಹದಿನಾಲ್ಕು, ಹದಿನೆಂಟು ಕ್ಯಾರೆಟ್ಟಿನ ತಿಳಿಹಳದಿಗೋ ತಾಮ್ರದ ಛಾಯೆಯ ರೋಸ್ ಗೋಲ್ಡಿಗೋ ಹತ್ತಿರವಾಗಿ ಮಾಡುತ್ತಾರೆ. ಗುಲಾಬಿ ಚಿನ್ನದ ವಾಚನ್ನು ಹಳದಿ ಚಿನ್ನದ ಬಳೆಯ ಪಕ್ಕ ಇಟ್ಟರೆ ಎರಡರಲ್ಲಿ ಒಂದು ಮಾಸಿದಂತೆ ಕಾಣುತ್ತದೆ, ಬಹುಪಾಲು ಸಲ ಅದು ವಾಚೇ. ಹಳದಿಗೆ ಹಳದಿ ಸರಿಯಾಗಿ ಸಿಗದಿದ್ದರೆ ಬಲವಂತಕ್ಕೆ ಹತ್ತಿರದ ಛಾಯೆ ಹುಡುಕುವುದಕ್ಕಿಂತ ಸಾದಾ ಸ್ಟೀಲಿನ ಬಿಳಿಯೇ ಮೇಲು. ಅದು ಹೊಂದಲು ಹೋಗುವುದಿಲ್ಲ, ಆದ್ದರಿಂದ ಹೊಂದಲಿಲ್ಲ ಎನಿಸುವುದೂ ಇಲ್ಲ. ಈ ಹೋಲಿಕೆಯನ್ನು ಅಂಗಡಿಯ ಹಳದಿ ದೀಪದಡಿ ಮಾಡಬಾರದು, ಬಾಗಿಲ ಬಳಿ ಬಂದು ಹಗಲು ಬೆಳಕಿನಲ್ಲಿ ನೋಡಬೇಕು.

ಒಂದು ಉದಾಹರಣೆ ತೆಗೆದುಕೊಂಡು ಇಷ್ಟನ್ನೂ ಅನ್ವಯಿಸೋಣ. ಬೆಳಗಿನ ಮುಹೂರ್ತದ ಮದುವೆ, ಹುಡುಗಿಯ ಚಿಕ್ಕಮ್ಮ, ಬಾಟಲ್ ಹಸಿರು ಮೈಸೂರು ಕ್ರೇಪ್, ನಾಲ್ಕು ಬೆರಳಗಲ ಜರಿ ಅಂಚು. ಬಲಗೈಗೆ ನಾಲ್ಕು ಚಿನ್ನದ ಬಳೆ, ಮಣಿಕಟ್ಟು ಹದಿನೈದು ಸೆಂಟಿಮೀಟರ್. ಅತಿಥಿಗಳನ್ನು ಕರೆದು ಕೂರಿಸುವುದು, ಅರಿಶಿನ ಕುಂಕುಮ ಕೊಡುವುದು, ಊಟದ ಪಂಕ್ತಿ ನೋಡಿಕೊಳ್ಳುವುದು ಅವರ ಪಾಲಿಗೆ. ಅಂದರೆ ದಿನವಿಡೀ ಕೈ ಆಡುತ್ತಲೇ ಇರುತ್ತದೆ. ಸೀರೆಯನ್ನು ಮಗುಚಿದರೆ ಹಿಂದೆ ಓಡುವ ಎಳೆಗಳಿಲ್ಲ, ಒಳ್ಳೆಯದು. ಆದರೆ ಬಯಲು ಒಡಲು, ಗೆರೆ ಎದ್ದರೆ ಮರೆಸಲಾಗದು. ಆದ್ದರಿಂದ ಎಡಗೈಗೆ ಕಡಗದ ಮಾದರಿಯ ವಾಚು, ಹರಳಿಲ್ಲದ್ದು, ಕಾಲಿನಿಂದ ಕಾಲಿಗೆ ಮೂವತ್ತೆರಡು ಮಿಲಿಮೀಟರ್, ದಪ್ಪ ಏಳು, ಕೀ ಒಳಗೆ ಹುದುಗಿದ್ದು. ಲೋಹ ಹಳದಿ, ಬಳೆಯ ಪಕ್ಕ ಹಿಡಿದು ಒಪ್ಪಿದ್ದಾದರೆ, ಇಲ್ಲವಾದರೆ ಸ್ಟೀಲು. ಡಯಲ್ ತಿಳಿಬಣ್ಣದ್ದು, ಅಂಕಿಗಳು ಕಪ್ಪು, ಏಕೆಂದರೆ ಮುಹೂರ್ತಕ್ಕೆ ಎಷ್ಟು ನಿಮಿಷ ಉಳಿಯಿತೆಂದು ಒಂದೇ ನೋಟಕ್ಕೆ ತಿಳಿಯಬೇಕು. ಹಸಿರು ಡಯಲ್ ಸಿಕ್ಕರೆ ಸಂತೋಷ, ಸಿಗದಿದ್ದರೆ ಚಿಂತೆಯಿಲ್ಲ. ಅದೇ ಚಿಕ್ಕಮ್ಮ ಸಂಜೆಯ ಆರತಕ್ಷತೆಗೆ ಬುಟ್ಟಾ ತುಂಬಿದ ಬನಾರಸಿ ಉಟ್ಟು ಸೆರಗು ಹರವುವುದಾದರೆ ಈ ವಾಚನ್ನೂ ಎಡಗೈಯಿಂದ ತೆಗೆದಿಡುವುದು ಒಳಿತು.

ಸೀರೆಗೆ ವಾಚೇ ಏಕೆ, ಫೋನಿನಲ್ಲಿ ಸಮಯ ಇದೆಯಲ್ಲ ಎಂಬ ಆಕ್ಷೇಪಕ್ಕೆ ಉತ್ತರ ಸೀರೆಯಲ್ಲೇ ಇದೆ: ಅದಕ್ಕೆ ಜೇಬಿಲ್ಲ. ಕೈಯಲ್ಲಿ ಆರತಿ ತಟ್ಟೆಯೋ ಅಕ್ಷತೆಯೋ ಇರುವಾಗ ಪರ್ಸಿನಿಂದ ಫೋನ್ ತೆಗೆಯಲಾಗದು. ಸ್ಮಾರ್ಟ್‌ವಾಚು ಸೀರೆಗೆ ಒಪ್ಪುವುದೇ ಇಲ್ಲ ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬಟ್ಟೆಯ ದೃಷ್ಟಿಯಿಂದ ನೋಡಿದರೆ ಅದರ ಉರುಟು ಮೂಲೆಗಳು, ಕಾಲುಗಳಿಲ್ಲದ ಮೈ ಅನೇಕ ಆಡಂಬರದ ವಾಚುಗಳಿಗಿಂತ ರೇಷ್ಮೆಗೆ ದಯೆ ತೋರುತ್ತವೆ. ಅದರ ರಬ್ಬರ್ ಪಟ್ಟಿ ಮಾತ್ರ ರೇಷ್ಮೆಯ ಮೇಲೆ ಜಾರದೆ ಅಂಟಿ ಎಳೆಯುತ್ತದೆ, ಕೈ ತಿರುಗಿಸಿದಾಗಲೆಲ್ಲ ಪರದೆ ಬೆಳಗಿ ಕಣ್ಣಿಗೆ ಹೊಡೆಯುತ್ತದೆ. ಪಟ್ಟಿ ಬದಲಿಸಿ, ತಾನಾಗಿ ಬೆಳಗುವುದನ್ನು ನಿಲ್ಲಿಸಿದರೆ ಅದೂ ನಡೆದೀತು. ಅಜ್ಜನದೋ ಅಪ್ಪನದೋ ಎಚ್‌ಎಂಟಿ ಇದ್ದವರ ಪ್ರಶ್ನೆ ಇನ್ನೂ ಆಪ್ತವಾದದ್ದು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ಕಾರ್ಖಾನೆಯ ವಾಚುಗಳು ಎಷ್ಟೋ ಮನೆಗಳಲ್ಲಿ ಅಳಿಯನಿಗೆ ಮಾವ ಕಟ್ಟಿದ ಉಡುಗೊರೆ. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚಲು ತೀರ್ಮಾನಿಸಿದ ಮೇಲೆ ಅವುಗಳ ಮೇಲಿನ ಮಮತೆ ಹೆಚ್ಚಿದೆ. ಕೀ ಕೊಡುವ ಸಾದಾ ಎಚ್‌ಎಂಟಿ ಈಗಿನ ಗಂಡಸರ ವಾಚುಗಳಿಗಿಂತ ಚಿಕ್ಕದು, ರೇಷ್ಮೆ ಕುರ್ತಾಕ್ಕೆ ಸೊಗಸಾಗಿ ಒಪ್ಪುತ್ತದೆ. ಅದರ ಮೇಲಿನದು ಅಕ್ರಿಲಿಕ್, ಬೇಗ ಗೀಚುತ್ತದೆ, ಆದರೆ ತಿಕ್ಕಿ ಹೊಳಪು ಮಾಡಿಸಬಹುದು. ಹಳೆಯ ಲೇಪ ಸವೆದು ಕಾಲಿನ ತುದಿಗಳು ಒರಟಾಗಿದ್ದರೆ ರಿಪೇರಿಯವರಿಂದ ನಯ ಮಾಡಿಸಿ, ಹೊಸ ಬೆಲ್ಟು ಹಾಕಿಸಿ. ನೀರು ಮಾತ್ರ ಅದಕ್ಕೆ ಸಲ್ಲದು. ಊಟದ ಕೈ ತೊಳೆಯುವಾಗ ತೆಗೆದು ಜೇಬಿಗೆ ಹಾಕಿಕೊಳ್ಳಬೇಕು. ಹೊಸ ವಾಚುಗಳ ಹಿಂದೆ 30 ಮೀಟರ್ ಎಂದು ಬರೆದಿರುವುದರ ಅರ್ಥವೂ ನೀರಿನ ಹನಿ ಬಿದ್ದರೆ ತಡೆಯುತ್ತದೆ ಎಂಬಷ್ಟೇ, ನೀರಿಗಿಳಿಯಬಹುದು ಎಂದಲ್ಲ.

ಯಾವ ವಾಚು ಆರಿಸಿದರೂ ಅದನ್ನು ಕಟ್ಟುವ ಹೊತ್ತು ಮುಖ್ಯ. ಸೀರೆಗೆ ಹೆಚ್ಚಿನ ಹಾನಿ ಆಗುವುದು ಮಂಟಪದಲ್ಲಲ್ಲ, ಕನ್ನಡಿಯ ಮುಂದೆ ನೆರಿಗೆ ಹಿಡಿಯುವಾಗ. ಐದೂವರೆ ಮೀಟರ್ ಬಟ್ಟೆ ಆ ಕೆಲವು ನಿಮಿಷಗಳಲ್ಲಿ ಎರಡೂ ಮಣಿಕಟ್ಟುಗಳ ಮೇಲೆ ಹಾಯುತ್ತದೆ. ಆದ್ದರಿಂದ ಸೀರೆ ಉಟ್ಟು, ಪಿನ್ನು ಹಾಕಿ, ಸೆಂಟು ಹಾಕಿದ್ದರೆ ಅದು ಒಣಗಿದ ಮೇಲೆ ವಾಚು. ಮನೆಗೆ ಬಂದಾಗ ಸೀರೆ ಬಿಚ್ಚುವ ಮೊದಲು ವಾಚು ತೆಗೆಯಬೇಕು. ಅರಿಶಿನದ ಶಾಸ್ತ್ರಕ್ಕೆ, ಮೆಹಂದಿಗೆ ವಾಚು ಬೇಡವೇ ಬೇಡ. ತಿಳಿಬಣ್ಣದ ಬೆಲ್ಟಿಗೆ ಹತ್ತಿದ ಅರಿಶಿನ ಹೋಗುವುದಿಲ್ಲ.

ಇಷ್ಟೆಲ್ಲ ನೋಡಿಯೂ ಎಳೆ ಸಿಕ್ಕಿಕೊಂಡರೆ ಕೈಯನ್ನು ಜಗ್ಗಬೇಡಿ. ನಿಂತಲ್ಲೇ ನಿಂತು, ಇನ್ನೊಬ್ಬರಿಂದ ವಾಚಿನ ಕೊಂಡಿ ಬಿಚ್ಚಿಸಿ, ವಾಚನ್ನೇ ಬಟ್ಟೆಯಿಂದ ಬಿಡಿಸಿ. ಎದ್ದ ಕುಣಿಕೆಯನ್ನು ಕತ್ತರಿಸಬೇಡಿ, ಕತ್ತರಿಸಿದರೆ ಅಲ್ಲಿ ತೂತು ಬೀಳುತ್ತದೆ. ಮನೆಗೆ ಹೋದ ಮೇಲೆ ತೆಳು ಸೂಜಿಯಿಂದ ಕುಣಿಕೆಯನ್ನು ಹಿಂಭಾಗಕ್ಕೆ ದಾಟಿಸಿ, ಗೆರೆಯ ಉದ್ದಕ್ಕೂ ಬಟ್ಟೆಯನ್ನು ಎರಡೂ ಕಡೆಯಿಂದ ಮೆಲ್ಲಗೆ ಹಿಗ್ಗಿಸುತ್ತ ಬನ್ನಿ. ಜರಿಯ ತಂತಿ ಎದ್ದಿದ್ದರೆ ನೀವೇ ಕೈ ಹಾಕದೆ ರಫು ಮಾಡುವವರಿಗೆ ಕೊಡಿ. ವಾಚಿನ ಅಂಗಡಿಯವರಲ್ಲೂ ಒಂದು ಕೋರಿಕೆ: ಬೆಲೆಯ ಚೀಟಿಯ ಪಕ್ಕದಲ್ಲಿ ದಪ್ಪವನ್ನೂ ಕಾಲಿನಿಂದ ಕಾಲಿನ ಉದ್ದವನ್ನೂ ಬರೆದಿಡಿ, ಗಿರಾಕಿ ರೇಷ್ಮೆಯ ತುಂಡು ತೆಗೆದು ವಾಚಿನ ಮೇಲೆ ಎಳೆದು ನೋಡಿದರೆ ಬೇಸರಪಡಬೇಡಿ.